ಅರ್ಧ ಕಿಲೋ ಕಾಫಿ ಪುಡಿಯ ಆನ್‌ಲೈನ್ ಆರ್ಡರಿನಲ್ಲಿ ಕೊನೆಗೆ ಉಳಿಯುವುದೆಷ್ಟು?

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಈಗ ಅನೇಕ ಬೆಳೆಗಾರ ಕುಟುಂಬಗಳು ತಮ್ಮ ತೋಟದ ಕಾಫಿಯನ್ನು ತಾವೇ ಹುರಿದು, ಪುಡಿ ಮಾಡಿ, ಇನ್‌ಸ್ಟಾಗ್ರಾಂ ಮತ್ತು ಸ್ವಂತ ವೆಬ್‌ಸೈಟಿನ ಮೂಲಕ ನೇರವಾಗಿ ಗ್ರಾಹಕರಿಗೆ ಕಳುಹಿಸುತ್ತಿವೆ. ಮಧ್ಯವರ್ತಿಗೆ ಹೋಗುತ್ತಿದ್ದ ಹಣ ಮನೆಗೇ ಬರಲಿ ಎಂಬುದು ಇದರ ಹಿಂದಿನ ಸರಳವಾದ, ನ್ಯಾಯವಾದ ಆಸೆ. ಆದರೆ ಮಧ್ಯವರ್ತಿ ಇಲ್ಲವಾದಾಗ ಅವನ ಜಾಗದಲ್ಲಿ ಕೊರಿಯರ್, ಆನ್‌ಲೈನ್ ಪಾವತಿಯನ್ನು ತಲುಪಿಸುವ ಪೇಮೆಂಟ್ ಗೇಟ್‌ವೇ, ಕೂಪನ್ ಮತ್ತು ವಾಪಸ್ ಬರುವ ಪಾರ್ಸೆಲ್ ಎಂಬ ನಾಲ್ಕು ಹೊಸ ಖರ್ಚುಗಳು ಬಂದು ಕೂರುತ್ತವೆ. ಅವುಗಳಲ್ಲಿ ಕೊನೆಯದನ್ನು ಬಹುತೇಕರು ಲೆಕ್ಕಕ್ಕೆ ತರುವುದೇ ಇಲ್ಲ, ತಂದವರೂ ತಪ್ಪಾದ ಜಾಗದಲ್ಲಿ ತರುತ್ತಾರೆ. ತಿಂಗಳ ಕೊನೆಯಲ್ಲಿ ಮಾರಾಟ ಏರಿದ್ದರೂ ಬ್ಯಾಂಕ್ ಖಾತೆಯಲ್ಲಿ ಹಣ ಏರದಿರುವುದಕ್ಕೆ ಸಾಮಾನ್ಯವಾಗಿ ಇದೇ ಕಾರಣ.

ಇಲ್ಲಿ ನೋಡಬೇಕಾದ ಅಂಕಿಗೆ ವ್ಯಾಪಾರದ ಭಾಷೆಯಲ್ಲಿ ಕಾಂಟ್ರಿಬ್ಯೂಷನ್ ಮಾರ್ಜಿನ್ ಎನ್ನುತ್ತಾರೆ. ಒಂದು ಆರ್ಡರ್ ಬಂದದ್ದರಿಂದಲೇ ಹುಟ್ಟುವ ಎಲ್ಲ ಖರ್ಚುಗಳನ್ನು ಆ ಆರ್ಡರಿನ ಆದಾಯದಿಂದ ಕಳೆದ ಮೇಲೆ ಉಳಿಯುವ ಮೊತ್ತ ಅದು. ಹುರಿಯುವ ಯಂತ್ರದ ಸಾಲದ ಕಂತು, ಗೋಡೌನ್ ಬಾಡಿಗೆ, ಪ್ಯಾಕಿಂಗ್ ಮಾಡುವವರ ತಿಂಗಳ ಸಂಬಳ ಇದರಲ್ಲಿ ಸೇರುವುದಿಲ್ಲ, ಏಕೆಂದರೆ ಆರ್ಡರ್ ಬಂದರೂ ಬಾರದಿದ್ದರೂ ಅವನ್ನು ಕೊಡಲೇಬೇಕು. ಅವನ್ನೆಲ್ಲ ಕೊಡಬೇಕಾದದ್ದು ಈ ಉಳಿಕೆಯಿಂದ. ಆದ್ದರಿಂದ ಉಳಿಕೆಯೇ ಸೊನ್ನೆಯ ಹತ್ತಿರವಿದ್ದರೆ ಆರ್ಡರುಗಳ ಸಂಖ್ಯೆಯನ್ನು ಹತ್ತು ಪಟ್ಟು ಮಾಡಿದರೂ ಬಾಡಿಗೆಯ ಹಣ ಹುಟ್ಟುವುದಿಲ್ಲ.

ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗೋಣ. ಚಿಕೋರಿ ಬೆರೆಸದ ಅರ್ಧ ಕಿಲೋ ಫಿಲ್ಟರ್ ಕಾಫಿ ಪುಡಿ, ಎಂಆರ್‌ಪಿ 630 ರೂಪಾಯಿ, ಚಿಕ್ಕಮಗಳೂರಿನಿಂದ ಮುಂಬೈಗೆ ಹೋಗುವ ಆರ್ಡರ್. ಮಾರುವವರು ಜಿಎಸ್‌ಟಿಯ ಸಾಮಾನ್ಯ ನೋಂದಣಿ ಮಾಡಿಸಿಕೊಂಡವರು ಎಂದಿಟ್ಟುಕೊಳ್ಳೋಣ. ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ಕಾಂಪೋಸಿಷನ್ ಯೋಜನೆ ಬೇರೆ ರಾಜ್ಯಕ್ಕೆ ಸರಕು ಮಾರುವವರಿಗೆ ಸಿಗುವುದಿಲ್ಲ. ಕೆಳಗಿನ ದರಗಳು ಲೆಕ್ಕಕ್ಕಾಗಿ ಹಿಡಿದವು, ಪ್ರತಿಯೊಬ್ಬರೂ ತಮ್ಮ ಬಿಲ್ಲಿನ ಅಂಕಿಗಳನ್ನು ಅದೇ ಜಾಗದಲ್ಲಿ ಇಟ್ಟು ನೋಡಬಹುದು.

ಮೊದಲನೆಯದು ಆದಾಯ. ಹುರಿದ ಕಾಫಿಯ ಮೇಲೆ ಶೇ 5ರಷ್ಟು ಜಿಎಸ್‌ಟಿ ಇದ್ದು, ಎಂಆರ್‌ಪಿಯಲ್ಲಿ ಅದು ಸೇರಿಕೊಂಡಿರುವುದರಿಂದ 630 ರೂಪಾಯಿಯಲ್ಲಿ ಮಾರುವವರದು 600 ಮಾತ್ರ. ಶೇ 10ರ ಕೂಪನ್ ಕೊಟ್ಟರೆ ಗ್ರಾಹಕ 567 ಕೊಡುತ್ತಾನೆ, ಅದರಲ್ಲಿ 27 ರೂಪಾಯಿ ತೆರಿಗೆ, ಉಳಿದ 540 ಆದಾಯ. ಇನ್ನು ಮುಂದಿನ ಎಲ್ಲ ಕಳೆಯುವಿಕೆಯೂ ಈ 540ರಿಂದಲೇ ಶುರುವಾಗಬೇಕು. 630ರಿಂದ ಅಥವಾ 567ರಿಂದ ಶುರು ಮಾಡಿದವರ ಲೆಕ್ಕದಲ್ಲಿ ಸರ್ಕಾರದ ಹಣವೂ ಲಾಭದಂತೆ ಕಾಣುತ್ತದೆ.

ಎರಡನೆಯದು ಸರಕಿನ ವೆಚ್ಚ, ಇದರಲ್ಲಿ ಕಾಫಿಗೇ ವಿಶಿಷ್ಟವಾದ ಒಂದು ಸೋರಿಕೆ ಇದೆ. ಹಸಿರು ಬೀಜವನ್ನು ಹುರಿಯುವಾಗ ತೇವಾಂಶವೂ ಸಿಪ್ಪೆಯೂ ಹೋಗಿ ತೂಕ ಕಡಿಮೆಯಾಗುತ್ತದೆ. ಹದವಾಗಿ ಹುರಿದರೆ ಕಡಿಮೆ, ಕಪ್ಪಗೆ ಹುರಿದರೆ ಹೆಚ್ಚು. ಇಲ್ಲಿ ಶೇ 18 ಎಂದು ಹಿಡಿಯೋಣ. ಆಗ 500 ಗ್ರಾಂ ಪುಡಿಗೆ 500 ಗ್ರಾಂ ಬೀಜ ಸಾಲದು, ಸುಮಾರು 610 ಗ್ರಾಂ ಬೇಕು. ಬೀಜಕ್ಕೆ ಕಿಲೋಗೆ 480 ರೂಪಾಯಿ ಎಂದರೆ 293 ರೂಪಾಯಿಯಾಯಿತು. ಹುರಿಯುವ ನಷ್ಟವನ್ನು ಮರೆತವರು ಇದನ್ನು 240 ಎಂದು ಬರೆದುಕೊಂಡಿರುತ್ತಾರೆ. ಆ 53 ರೂಪಾಯಿ ಎಷ್ಟು ದೊಡ್ಡ ಮೊತ್ತ ಎಂಬುದು ಮುಂದೆ ತಿಳಿಯುತ್ತದೆ. ಬೀಜ ತಮ್ಮದೇ ತೋಟದ್ದು, ಹಾಗಾಗಿ ಅದಕ್ಕೆ ಬೆಲೆ ಹಾಕಬೇಕಿಲ್ಲ ಎಂಬ ಮಾತನ್ನೂ ಕೇಳುತ್ತೇವೆ. ಅದನ್ನು ನಾನು ಒಪ್ಪುವುದಿಲ್ಲ. ಅದೇ ಬೀಜವನ್ನು ಕ್ಯೂರಿಂಗ್ ವರ್ಕ್ಸ್‌ಗೋ ವ್ಯಾಪಾರಿಗೋ ಕೊಟ್ಟಿದ್ದರೆ ಆ ದಿನದ ಮಾರುಕಟ್ಟೆ ಬೆಲೆ ಸಿಗುತ್ತಿತ್ತು, ಪುಡಿ ಮಾಡಿದ್ದರಿಂದ ಅದನ್ನು ಬಿಟ್ಟುಕೊಟ್ಟಂತಾಯಿತು. ಕಾಫಿ ಬೆಲೆ 2024 ಮತ್ತು 2025ರಲ್ಲಿ ದಾಖಲೆಯ ಮಟ್ಟಕ್ಕೆ ಏರಿದಾಗ ಪುಡಿಯ ಬೆಲೆಯನ್ನು ಹಳೆಯ ಮಟ್ಟದಲ್ಲೇ ಉಳಿಸಿಕೊಂಡ ಮನೆಗಳು ತಮ್ಮ ತೋಟದ ಲಾಭವನ್ನೇ ಪುಡಿಯ ವ್ಯಾಪಾರಕ್ಕೆ ಸುರಿಯುತ್ತಿದ್ದವು. ಬೀಜಕ್ಕೆ ಬೆಲೆ ಬರೆಯದ ಕಾರಣ ಅದು ಪುಸ್ತಕದಲ್ಲಿ ಎಲ್ಲೂ ಕಾಣುತ್ತಿರಲಿಲ್ಲ.

ಹುರಿದು ಪುಡಿ ಮಾಡುವ ಗ್ಯಾಸ್ ಮತ್ತು ವಿದ್ಯುತ್ತಿಗೆ 20, ವಾಲ್ವ್ ಇರುವ ಪೌಚ್ ಮತ್ತು ಲೇಬಲ್‌ಗೆ 15 ಸೇರಿಸಿದರೆ ಪ್ಯಾಕೆಟ್ಟಿನ ವೆಚ್ಚ 328 ರೂಪಾಯಿ. ಹೊರಗಿನ ರಟ್ಟಿನ ಪೆಟ್ಟಿಗೆ ಮತ್ತು ಟೇಪಿಗೆ 12. ಒಟ್ಟು 340.

ಮೂರನೆಯದಾದ ಸಾಗಣೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಪುಡಿ ಮಾರುವವರ ಲೆಕ್ಕ ಹೆಚ್ಚಾಗಿ ಕೆಡುವುದು ಇಲ್ಲೇ. ಕೊರಿಯರ್ ಸಂಸ್ಥೆಗಳು ಸಾಮಾನ್ಯವಾಗಿ ಅರ್ಧ ಕಿಲೋದ ಸ್ಲ್ಯಾಬ್‌ಗಳಲ್ಲಿ ದರ ಹಾಕುತ್ತವೆ. ಮೊದಲ 500 ಗ್ರಾಂಗೆ 55 ರೂಪಾಯಿ, ನಂತರದ ಪ್ರತಿ 500 ಗ್ರಾಂಗೆ ಅಥವಾ ಅದರ ಭಾಗಕ್ಕೆ 45 ರೂಪಾಯಿ ಎಂದಿರಲಿ. ನಮ್ಮ ಪ್ಯಾಕೆಟ್ಟಿನಲ್ಲಿ ಪುಡಿಯೇ 500 ಗ್ರಾಂ ಇದೆ. ಪೌಚು, ಪೆಟ್ಟಿಗೆ, ಟೇಪು ಸೇರಿ ತಕ್ಕಡಿಯ ಮೇಲಿಟ್ಟರೆ ಸುಮಾರು 570 ಗ್ರಾಂ ತೋರಿಸುತ್ತದೆ. ಆ 70 ಗ್ರಾಂ ಕಾರಣದಿಂದ ಪಾರ್ಸೆಲ್ ಒಂದು ಕಿಲೋದ ಸ್ಲ್ಯಾಬಿಗೆ ಹೋಗಿ, ಬಿಲ್ 55ರ ಬದಲು 100 ಆಗುತ್ತದೆ. ಇದರ ಮೇಲೆ ಗಾತ್ರದ ತೂಕ ಎಂಬ ಇನ್ನೊಂದು ಅಳತೆಯೂ ಇದೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರುವ ಕಿಲೋ ಅದು. ನಿಜವಾದ ತೂಕ ಮತ್ತು ಈ ತೂಕದಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ ಬೀಳುತ್ತದೆ. 25, 15, 10 ಸೆಂಟಿಮೀಟರಿನ ಪೆಟ್ಟಿಗೆಗೆ ಇದು 0.75 ಕಿಲೋ ಆಗುತ್ತದೆ. ಒಳಗೆ ಪುಡಿ ಕಾಲು ಕಿಲೋ ಇದ್ದರೂ ದರ ಮಾತ್ರ ಒಂದು ಕಿಲೋದ್ದೇ.

ಕೊರಿಯರ್ ಬಿಲ್ಲಿನ ಮೇಲಿನ ಶೇ 18ರ ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ ಸಿಗುವುದರಿಂದ, ಅಂದರೆ ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅಷ್ಟನ್ನು ಕಳೆದುಕೊಳ್ಳಬಹುದಾದ್ದರಿಂದ, ಅದನ್ನು ಖರ್ಚಿಗೆ ಹಿಡಿದಿಲ್ಲ. ನಾಲ್ಕನೆಯದಾದ ಗೇಟ್‌ವೇ ಶುಲ್ಕದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಶೇ 2 ಎಂದರೆ ಅದು ಗ್ರಾಹಕ ಕೊಟ್ಟ ಪೂರ್ತಿ 567ರ ಮೇಲೆ, ಅಂದರೆ ತೆರಿಗೆಯ ಭಾಗದ ಮೇಲೂ ಬೀಳುತ್ತದೆ ಎಂಬುದಷ್ಟನ್ನು ನೆನಪಿಟ್ಟುಕೊಂಡರೆ ಸಾಕು. ಅದು 11 ರೂಪಾಯಿ.

ಹೀಗೆ ಮುಂಗಡ ಪಾವತಿಯ ಒಂದು ಆರ್ಡರ್ ಸುಸೂತ್ರವಾಗಿ ತಲುಪಿದರೆ 540ರಿಂದ 340, 100, 11 ಕಳೆದು 89 ರೂಪಾಯಿ ಉಳಿಯುತ್ತದೆ. ಇದೇ ಆರ್ಡರಿಗೆ ಕೂಪನ್ ಕೊಡದೆ ಇದ್ದಿದ್ದರೆ 600ರಿಂದ ಶುರು ಮಾಡಿ 147 ಉಳಿಯುತ್ತಿತ್ತು. ಅಂದರೆ ಬೆಲೆಯಲ್ಲಿ ಶೇ 10 ಬಿಟ್ಟದ್ದು ಉಳಿಕೆಯಲ್ಲಿ ಸುಮಾರು ಶೇ 40ರಷ್ಟನ್ನು ತೆಗೆದುಕೊಂಡು ಹೋಯಿತು. ಮೊದಲಿನಷ್ಟೇ ಹಣ ಕೈಗೆ ಬರಬೇಕಾದರೆ ಆ ಕೂಪನ್ ಆರ್ಡರುಗಳನ್ನು ಶೇ 65ರಷ್ಟು ಹೆಚ್ಚಿಸಬೇಕು. ದೀಪಾವಳಿಯ ಕೂಪನ್ ಅಷ್ಟು ಹೆಚ್ಚಿಸಿತೇ ಎಂಬ ಪ್ರಶ್ನೆಯನ್ನು ಕೇಳದೆಯೇ ಅದನ್ನು ಯುಗಾದಿಯವರೆಗೂ ಮುಂದುವರಿಸುವುದು ಸಾಮಾನ್ಯ. ಬೀಜದ ವೆಚ್ಚದಲ್ಲಿ ಮರೆತುಹೋದ ಆ 53 ರೂಪಾಯಿಯೂ ಈ 89ರ ಪಕ್ಕದಲ್ಲೇ ನಿಲ್ಲುತ್ತದೆ. ಅದನ್ನು ಮರೆತವರು ತಮಗೆ 142 ಉಳಿಯುತ್ತಿದೆ ಎಂದು ನಂಬಿಕೊಂಡು ಕೂಪನ್ ಹಂಚುತ್ತಿರುತ್ತಾರೆ.

ಈಗ ಕ್ಯಾಷ್ ಆನ್ ಡೆಲಿವರಿ. ಇದರಲ್ಲಿ ಗೇಟ್‌ವೇ ಶುಲ್ಕವಿಲ್ಲ, ಬದಲಿಗೆ ಕೊರಿಯರ್ ಸಂಸ್ಥೆ ಹಣ ವಸೂಲಿಗೆ 35 ರೂಪಾಯಿ ಹಾಕುತ್ತದೆ ಎನ್ನೋಣ. ತಲುಪಿದ ಆರ್ಡರಿನಲ್ಲಿ 65 ಉಳಿಯುತ್ತದೆ. 89ಕ್ಕೂ 65ಕ್ಕೂ 24 ರೂಪಾಯಿ ಮಾತ್ರ ವ್ಯತ್ಯಾಸ, ಗ್ರಾಹಕನಿಗೆ ಅನುಕೂಲವಾಗುವುದಾದರೆ ಇರಲಿ ಎಂದು ಯಾರಿಗಾದರೂ ಅನ್ನಿಸುತ್ತದೆ. ನಿಜವಾದ ವ್ಯತ್ಯಾಸ ಇರುವುದು ತಲುಪದ ಆರ್ಡರುಗಳಲ್ಲಿ.

ಪಾರ್ಸೆಲ್ ಮನೆ ಬಾಗಿಲಿಗೆ ಹೋದಾಗ ಫೋನ್ ಎತ್ತದಿರುವುದು, ಈಗ ಬೇಡ ಎನ್ನುವುದು, ವಿಳಾಸ ಅರ್ಧಂಬರ್ಧ ಇರುವುದು ಇವೆಲ್ಲ ಸೇರಿ ಪಾರ್ಸೆಲ್ ಹೊರಟಲ್ಲಿಗೇ ಹಿಂದಿರುಗುತ್ತದೆ. ಈ ವ್ಯಾಪಾರದಲ್ಲಿ ಇರುವವರು ಇದನ್ನು ರಿಟರ್ನ್ ಟು ಒರಿಜಿನ್, ಚಿಕ್ಕದಾಗಿ ಆರ್‌ಟಿಒ ಎನ್ನುತ್ತಾರೆ. ವಸೂಲಿ ಶುಲ್ಕ ಸಾಮಾನ್ಯವಾಗಿ ಮನ್ನಾ ಆಗುತ್ತದೆ, ಆದರೆ ಹೋದದ್ದಕ್ಕೆ 100, ಬಂದದ್ದಕ್ಕೆ ಇನ್ನೊಂದು 100 ಬಿಲ್ ಬೀಳುತ್ತದೆ. ಪೆಟ್ಟಿಗೆ, ಟೇಪಿನ 12 ಹೋಯಿತು. ಇನ್ನು ಒಳಗಿನ ಪುಡಿ. ಬಟ್ಟೆಯ ವ್ಯಾಪಾರದಲ್ಲಿ ವಾಪಸ್ ಬಂದ ಅಂಗಿಯನ್ನು ಇಸ್ತ್ರಿ ಮಾಡಿ ಮತ್ತೆ ಮಾರಬಹುದು, ಆದರೆ ಪುಡಿ ಮಾಡಿದ ಕಾಫಿಯ ಘಮ ಪ್ರತಿ ವಾರವೂ ಇಳಿಯುತ್ತದೆ. ಪ್ಯಾಕೆಟ್ ಒಡೆದಿರದಿದ್ದರೂ ಎರಡು ಮೂರು ವಾರ ಗೋಡೌನ್‌ನಿಂದ ಗೋಡೌನ್‌ಗೆ, ಬಿಸಿಲಿನ ಲಾರಿಯಲ್ಲಿ ಅಲೆದು ಬಂದ ಪುಡಿಯನ್ನು ಇಂದು ಹುರಿದದ್ದೆಂದು ಮತ್ತೊಬ್ಬರಿಗೆ ಕಳುಹಿಸಲು ಮನಸ್ಸಾಗುವುದಿಲ್ಲ, ಕಳುಹಿಸಲೂಬಾರದು. ಅದನ್ನು ಊರಿನ ಹೋಟೆಲಿಗೋ ಕ್ಯಾಂಟೀನಿಗೋ ತೆರಿಗೆ ಬಿಟ್ಟು 250 ರೂಪಾಯಿಗೆ ಕೊಟ್ಟರೆ 328ರಲ್ಲಿ 78 ನಷ್ಟ. ಎಲ್ಲ ಸೇರಿ ವಾಪಸ್ ಬಂದ ಒಂದು ಪಾರ್ಸೆಲ್‌ನಿಂದ ಆಗುವ ನಷ್ಟ 290 ರೂಪಾಯಿ.

ಈ 290ನ್ನು 65ರ ಪಕ್ಕದಲ್ಲಿಟ್ಟು ನೋಡಿ. ಒಂದು ಪಾರ್ಸೆಲ್ ತಿರಸ್ಕೃತವಾದರೆ, ಸರಿಯಾಗಿ ತಲುಪಿದ ನಾಲ್ಕೂವರೆ ಪಾರ್ಸೆಲ್‌ಗಳ ಉಳಿಕೆ ಅದನ್ನು ತುಂಬಲು ಹೋಗುತ್ತದೆ. ತಲುಪಿದ ಆರ್ಡರಿನ ಉಳಿಕೆಯನ್ನು, ಆ ಉಳಿಕೆ ಮತ್ತು ವಾಪಸಾತಿಯ ನಷ್ಟ ಇವೆರಡರ ಮೊತ್ತದಿಂದ ಭಾಗಿಸಿದರೆ ಎಷ್ಟು ವಾಪಸಾತಿಯವರೆಗೆ ತಡೆದುಕೊಳ್ಳಬಹುದು ಎಂಬುದು ತಿಳಿಯುತ್ತದೆ. 65ನ್ನು 355ರಿಂದ ಭಾಗಿಸಿದಾಗ ಬರುವುದು ಶೇ 18. ನೂರು ಕ್ಯಾಷ್ ಆನ್ ಡೆಲಿವರಿ ಆರ್ಡರುಗಳಲ್ಲಿ ಹದಿನೆಂಟು ವಾಪಸ್ ಬಂದರೆ ಉಳಿಕೆ ಸೊನ್ನೆಯ ಹತ್ತಿರ, ಇಪ್ಪತ್ತು ಬಂದರೆ ಉಳಿದ ಎಂಬತ್ತು ಆರ್ಡರುಗಳ 5,200 ರೂಪಾಯಿಯನ್ನು ಆ ಇಪ್ಪತ್ತರ 5,800 ನುಂಗಿ 600 ರೂಪಾಯಿ ನಷ್ಟ.

ಬಹುತೇಕರು ವಾಪಸಾತಿಯನ್ನು ಶೇಕಡಾವಾರು ಖರ್ಚಿನಂತೆ, ಮಾರಾಟದಲ್ಲಿ ಇಂತಿಷ್ಟು ಎಂದು ಕೊನೆಯ ಸಾಲಿನಲ್ಲಿ ಕಳೆಯುತ್ತಾರೆ. ಇದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ವಾಪಸ್ ಬಂದ ಆರ್ಡರಿಗೆ ಆದಾಯವೇ ಇಲ್ಲ, ಖರ್ಚು ಮಾತ್ರ ಇದೆ, ಮತ್ತು ಆ ಖರ್ಚನ್ನು ಹೊರುವುದು ತಲುಪಿದ ಆರ್ಡರುಗಳು. ಹಾಗಾಗಿ ಲೆಕ್ಕ ಹಾಕಬೇಕಾದದ್ದು ಕಳುಹಿಸಿದ ಆರ್ಡರುಗಳ ಮೇಲೆ, ಅದೂ ಪಾವತಿಯ ವಿಧಾನದ ಪ್ರಕಾರ ಎರಡು ಬೇರೆ ಕಾಲಂಗಳಲ್ಲಿ. ನಮ್ಮ ಉದಾಹರಣೆಯ ನೂರು ಆರ್ಡರುಗಳಲ್ಲಿ 60 ಕ್ಯಾಷ್ ಆನ್ ಡೆಲಿವರಿ, 40 ಮುಂಗಡ ಪಾವತಿ ಎನ್ನೋಣ. ಮೊದಲ ಗುಂಪಿನಲ್ಲಿ 12 ವಾಪಸ್ ಬಂದವು. ಅದರ ಒಟ್ಟು ಫಲ 360 ರೂಪಾಯಿ ನಷ್ಟ. ಎರಡನೆಯ ಗುಂಪಿನಲ್ಲಿ ಒಂದೇ ಒಂದು ವಾಪಸ್ ಬಂತು. ಗ್ರಾಹಕನಿಗೆ ಪೂರ್ತಿ ಹಣ ಮರಳಿಸಬೇಕು, ಗೇಟ್‌ವೇ ತಾನು ಹಿಡಿದ ಶುಲ್ಕವನ್ನು ಸಾಮಾನ್ಯವಾಗಿ ಮರಳಿಸುವುದಿಲ್ಲ, ಹಾಗಾಗಿ ನಷ್ಟ 301. ಆದರೂ ಆ ಗುಂಪಿನಲ್ಲಿ 3,170 ರೂಪಾಯಿ ಉಳಿಯಿತು. ಎರಡನ್ನೂ ಕೂಡಿಸಿದರೆ 2,810, ಅಂದರೆ ಕಳುಹಿಸಿದ ಪ್ರತಿ ಆರ್ಡರಿಗೆ 28 ರೂಪಾಯಿ. ಈ ಸರಾಸರಿಯನ್ನಷ್ಟೇ ನೋಡಿದವರಿಗೆ ವ್ಯಾಪಾರ ಸ್ವಲ್ಪ ಬಡವಾಗಿದೆ ಎಂದು ತೋರುತ್ತದೆ. ಬೇರೆ ಮಾಡಿ ನೋಡಿದವರಿಗೆ, 40 ಜನ ಗ್ರಾಹಕರಿಂದ ಬಂದ ಹಣದಲ್ಲಿ ಒಂದು ಪಾಲು ಉಳಿದ 60 ಆರ್ಡರುಗಳ ಓಡಾಟಕ್ಕೆ ಹೋಗುತ್ತಿದೆ ಎಂಬುದು ಕಣ್ಣಿಗೆ ಕಟ್ಟುತ್ತದೆ.

ಪರಿಹಾರದ ದಾರಿಯೂ ಇದೇ ಎರಡು ಕಾಲಂಗಳಲ್ಲಿ ಸಿಗುತ್ತದೆ. ಕ್ಯಾಷ್ ಆನ್ ಡೆಲಿವರಿಯ ಪ್ರತಿ ಆರ್ಡರಿನಲ್ಲಿ ಸರಾಸರಿ 6 ರೂಪಾಯಿ ನಷ್ಟ, ಮುಂಗಡ ಪಾವತಿಯಲ್ಲಿ ಸರಾಸರಿ 79 ಉಳಿಕೆ, ನಡುವಿನ ಅಂತರ 85. ಹಾಗಿರುವಾಗ ಎಲ್ಲರಿಗೂ ಶೇ 10ರ ಕೂಪನ್ ಹಂಚುವ ಬದಲು, ಮೊದಲೇ ಹಣ ಕಟ್ಟುವವರಿಗೆ 30 ರೂಪಾಯಿ ರಿಯಾಯಿತಿ ಕೊಟ್ಟರೂ ಲಾಭವೇ, ಏಕೆಂದರೆ ಆ 30 ನಿಜವಾದ ಖರ್ಚೊಂದನ್ನು ತಪ್ಪಿಸುತ್ತದೆ. ಕ್ಯಾಷ್ ಆನ್ ಡೆಲಿವರಿ ಬೇಕೆನ್ನುವವರಿಂದ 40 ರೂಪಾಯಿ ಶುಲ್ಕ ಪಡೆಯುವುದು ಇನ್ನೊಂದು ದಾರಿ. ತೆರಿಗೆ ಕಳೆದು 38 ಸಿಕ್ಕರೆ ತಲುಪಿದ ಆರ್ಡರಿನ ಉಳಿಕೆ 103 ಆಗಿ, ತಡೆದುಕೊಳ್ಳಬಹುದಾದ ವಾಪಸಾತಿ ಶೇ 18ರಿಂದ ಶೇ 26ಕ್ಕೆ ಏರುತ್ತದೆ. ಆದರೆ ಇಲ್ಲಿ ಎಚ್ಚರ ಬೇಕು. ಇ-ಕಾಮರ್ಸ್ ವೇದಿಕೆಗಳು ಇಂಥ ಶುಲ್ಕ ವಿಧಿಸುತ್ತಿರುವ ಬಗ್ಗೆ ದೂರುಗಳು ಬಂದಿದ್ದು, ಅದರ ತನಿಖೆ ಆರಂಭವಾಗಿದೆ ಎಂದು ಗ್ರಾಹಕ ವ್ಯವಹಾರಗಳ ಸಚಿವ ಪ್ರಲ್ಹಾದ ಜೋಶಿ ಅವರು 2025ರ ಅಕ್ಟೋಬರ್‌ನಲ್ಲಿ ಹೇಳಿದ್ದರು. ಮೊದಲು ಒಂದು ಬೆಲೆ ತೋರಿಸಿ, ಕೊನೆಯ ಪುಟದಲ್ಲಿ ಇನ್ನೊಂದನ್ನು ಸೇರಿಸುವುದನ್ನು, ಗ್ರಾಹಕರನ್ನು ದಾರಿ ತಪ್ಪಿಸುವ ವಿನ್ಯಾಸಗಳಾದ ಡಾರ್ಕ್ ಪ್ಯಾಟರ್ನ್ ಕುರಿತ 2023ರ ಮಾರ್ಗಸೂಚಿ ನಿಷೇಧಿಸುತ್ತದೆ. ಆದ್ದರಿಂದ ಶುಲ್ಕ ಹಾಕುವುದೇ ಆದರೆ ಅದು ಪುಡಿಯ ಬೆಲೆಯ ಪಕ್ಕದಲ್ಲೇ, ಮೊದಲ ಪುಟದಲ್ಲೇ ಕಾಣಬೇಕು. ಈ ಎರಡರಲ್ಲಿ ನನ್ನ ಒಲವು ಮುಂಗಡ ಪಾವತಿಯ ರಿಯಾಯಿತಿಯ ಕಡೆಗೆ.

ಇವೆಲ್ಲಕ್ಕಿಂತ ಹೆಚ್ಚು ಫಲ ಕೊಡುವ ಬದಲಾವಣೆ ತಕ್ಕಡಿಯ ಮೇಲಿದೆ. ಪ್ಯಾಕೆಟ್ಟನ್ನು 450 ಗ್ರಾಂ ಮಾಡಿ, ರಟ್ಟಿನ ಪೆಟ್ಟಿಗೆಯ ಬದಲು ಗಟ್ಟಿಯಾದ ಕೊರಿಯರ್ ಕವರಿನಲ್ಲಿ ಹಾಕಿದರೆ ಒಟ್ಟು ತೂಕ 480 ಗ್ರಾಂ ಒಳಗೆ ನಿಲ್ಲುತ್ತದೆ, 22, 14, 7 ಸೆಂಟಿಮೀಟರಿನ ಆ ಕಟ್ಟಿನ ಗಾತ್ರದ ತೂಕವೂ ಸುಮಾರು 430 ಗ್ರಾಂ ಅಷ್ಟೇ. ಗ್ರಾಂ ಲೆಕ್ಕದಲ್ಲಿ ಬೆಲೆಯನ್ನು ಒಂದು ಪೈಸೆಯೂ ಏರಿಸದೆ ಇಟ್ಟರೆ ಆದಾಯ 486 ಆಗುತ್ತದೆ. ಬೀಜಕ್ಕೆ 263, ಹುರಿಯುವುದು ಮತ್ತು ಪೌಚಿಗೆ ಮೊದಲಿನಂತೆ 35, ಕವರಿಗೆ 5, ಸಾಗಣೆಗೆ 55, ಗೇಟ್‌ವೇಗೆ 10 ಕಳೆದರೆ ಉಳಿಯುವುದು 118. ಕಡಿಮೆ ಕಾಫಿ ಮಾರಿ 89ರ ಬದಲು 118 ಪಡೆದಂತಾಯಿತು. ವಾಪಸ್ ಬಂದಾಗಿನ ನಷ್ಟವೂ ಹೋಗಿಬರುವ 110, ಕವರಿನ 5, ಪುಡಿಯ ಬೆಲೆಯಲ್ಲಿ ಕಳೆದುಕೊಳ್ಳುವ 73 ಸೇರಿ 188ಕ್ಕೆ ಇಳಿಯುತ್ತದೆ. ಕ್ಯಾಷ್ ಆನ್ ಡೆಲಿವರಿಯ ಉಳಿಕೆ 93 ಆಗುವುದರಿಂದ ಅದು ಶೇ 33ರವರೆಗಿನ ವಾಪಸಾತಿಯನ್ನು ತಡೆದುಕೊಳ್ಳುತ್ತದೆ. ಪ್ಯಾಕೆಟ್ಟಿನ ಮೇಲೆ ನಿವ್ವಳ ತೂಕದ ಜೊತೆಗೆ ಗ್ರಾಂಗೆ ಎಷ್ಟು ಬೆಲೆ ಎಂಬುದನ್ನೂ ನಮೂದಿಸಬೇಕಾಗಿರುವುದರಿಂದ ಗ್ರಾಹಕನಿಗೆ ಏನನ್ನೂ ಮುಚ್ಚಿಟ್ಟಂತೆಯೂ ಆಗುವುದಿಲ್ಲ. ಆದರೆ ಕವರ್ ಮೆತ್ತಗಿರುವುದರಿಂದ ಪೌಚಿನ ಸೀಲು ಒಡೆಯುವ ಅಪಾಯ ಹೆಚ್ಚು. ಮೊದಲ ಕೆಲವು ವಾರ ಹಾನಿಯ ದೂರುಗಳನ್ನು ಬೇರೆಯಾಗಿ ಎಣಿಸಬೇಕು. ತೂಕವನ್ನು ಇಳಿಸಲು ಇಷ್ಟವಿಲ್ಲದವರು ಎರಡು ಪ್ಯಾಕೆಟ್ಟುಗಳ ಕಟ್ಟನ್ನು ಮುಂದಿಡಬಹುದು. ಅರ್ಧ ಕಿಲೋದ ಎರಡು ಪ್ಯಾಕೆಟ್ ಒಂದೇ ಪೆಟ್ಟಿಗೆಯಲ್ಲಿ ಹೋದರೆ ಒಂದೂವರೆ ಕಿಲೋದ ಸ್ಲ್ಯಾಬಿನ 145 ರೂಪಾಯಿ ಕೊಟ್ಟ ಮೇಲೂ, ಅದೇ ಶೇ 10ರ ಕೂಪನ್ ಇದ್ದೂ, ಸುಮಾರು 240 ಉಳಿಯುತ್ತದೆ.

ಕೊರಿಯರ್ ಬಿಲ್ಲನ್ನು ಸಾಲು ಸಾಲಾಗಿ ಓದದಿದ್ದರೆ ಈ ಲೆಕ್ಕವೆಲ್ಲ ಕಾಗದದಲ್ಲೇ ಉಳಿಯುತ್ತದೆ. ಮಾರುವವರು 480 ಗ್ರಾಂ ಎಂದು ಬರೆದ ಪಾರ್ಸೆಲ್ಲನ್ನು ಕೊರಿಯರಿನ ಯಂತ್ರ 1 ಕಿಲೋ ಎಂದು ಅಳೆಯುವುದುಂಟು, ಉಬ್ಬಿದ ಕವರಿನಲ್ಲಿ ಇದು ಹೆಚ್ಚು. ಅದನ್ನು ಪ್ರಶ್ನಿಸಲು ಕೆಲವೇ ದಿನಗಳ ಗಡುವು ಇರುತ್ತದೆ, ಮತ್ತು ತಕ್ಕಡಿಯ ಮೇಲಿಟ್ಟ, ಅಳತೆಪಟ್ಟಿ ಹಿಡಿದ ಫೋಟೊ ಇಲ್ಲದಿದ್ದರೆ ವಾದ ನಿಲ್ಲುವುದಿಲ್ಲ. ಪ್ರತಿ ಅಳತೆಯ ಪಾರ್ಸೆಲ್ಲಿನದೂ ಒಂದು ಫೋಟೊ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನೊಂದು ತೊಡಕು ಸಮಯದ್ದು. ಪಾರ್ಸೆಲ್ ಹೋಗಿ, ಎರಡು ಮೂರು ಸಲ ಬಾಗಿಲು ತಟ್ಟಿ, ಹಿಂದಿರುಗಿ ಬರುವಷ್ಟರಲ್ಲಿ ತಿಂಗಳು ಬದಲಾಗಿರುತ್ತದೆ. ಆಗಸ್ಟಿನಲ್ಲಿ 100 ಆರ್ಡರ್ ಕಳುಹಿಸಿದವರು ಸೆಪ್ಟೆಂಬರಿನಲ್ಲಿ 200 ಕಳುಹಿಸಿದರೆ, ಆಗಸ್ಟಿನ 13 ವಾಪಸಾತಿ ಸೆಪ್ಟೆಂಬರಿನ ಪುಸ್ತಕದಲ್ಲಿ ಬೀಳುತ್ತದೆ. 200ಕ್ಕೆ 13 ಎಂದರೆ ಶೇ 6.5, ವಾಪಸಾತಿ ಅರ್ಧಕ್ಕೆ ಇಳಿಯಿತು ಎಂಬ ಸಂತೋಷ. ನಿಜವಾದ ಪ್ರಮಾಣ ಶೇ 13ರಲ್ಲೇ ಇದೆ, ಸೆಪ್ಟೆಂಬರಿನ 26 ಇನ್ನೂ ದಾರಿಯಲ್ಲಿವೆ. ವ್ಯಾಪಾರ ಬೆಳೆಯುತ್ತಿರುವಷ್ಟು ಕಾಲ ಈ ಮರೆ ಇರುತ್ತದೆ, ಬೆಳವಣಿಗೆ ನಿಂತ ತಿಂಗಳು ಎಲ್ಲ ಒಟ್ಟಿಗೆ ಎದುರಾಗುತ್ತದೆ. ಆದ್ದರಿಂದ ಪ್ರತಿ ವಾಪಸಾತಿಯನ್ನೂ ಅದು ಬಂದ ದಿನಕ್ಕಲ್ಲ, ಅದನ್ನು ಕಳುಹಿಸಿದ ತಿಂಗಳಿಗೆ ಬರೆಯಬೇಕು, ಮತ್ತು ಯಾವುದೇ ತಿಂಗಳ ಉಳಿಕೆಯನ್ನು ಆ ತಿಂಗಳ ಎಲ್ಲ ಪಾರ್ಸೆಲ್‌ಗಳ ಗತಿ ತಿಳಿಯುವವರೆಗೆ, ಅಂದರೆ ಸುಮಾರು ಒಂದು ತಿಂಗಳು ಕಾದು, ಅಂತಿಮವೆಂದು ಹಿಡಿಯಬೇಕು.

ಜಾಹೀರಾತಿನ ಖರ್ಚನ್ನು ಇಲ್ಲಿ ಎಲ್ಲಿಯೂ ಕಳೆದಿಲ್ಲ. ಉದಾಹರಣೆಯ ಮೊದಲ ಸ್ಥಿತಿಯಲ್ಲಿ ಒಂದು ಆರ್ಡರ್ ತರಲು 28 ರೂಪಾಯಿಗಿಂತ ಹೆಚ್ಚು ಜಾಹೀರಾತಿಗೆ ಹಾಕಿದರೆ ಆ ಆರ್ಡರ್ ನಷ್ಟದ್ದು. ತಲುಪಿದ ಆರ್ಡರಿನ 89ನ್ನು ಮಿತಿಯೆಂದು ಭಾವಿಸಿ 70 ರೂಪಾಯಿ ಹಾಕುವವರು ಪ್ರತಿ ಪಾರ್ಸೆಲ್ಲಿಗೂ 42 ರೂಪಾಯಿಯನ್ನು ಕೈಯಿಂದ ಕೊಟ್ಟು ಕಳುಹಿಸುತ್ತಿರುತ್ತಾರೆ. ಅದೇ ಗ್ರಾಹಕ ಪುಡಿ ಮುಗಿದ ಮೇಲೆ ವಾಟ್ಸ್ಆ್ಯಪ್‌ನಲ್ಲಿ ನೇರವಾಗಿ ಬರೆದು, ಮೊದಲೇ ಹಣ ಕಟ್ಟಿ, ಎರಡು ಪ್ಯಾಕೆಟ್ ತರಿಸಿಕೊಂಡರೆ ಆ ಆರ್ಡರಿಗೆ ಜಾಹೀರಾತಿನ ಖರ್ಚಿಲ್ಲ, ಕೂಪನ್ನಿನ ಅಗತ್ಯವೂ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಮರಳಿ ಬರುವ ಗ್ರಾಹಕರ ಆರ್ಡರುಗಳಿಗೆ ಮೂರನೆಯ ಕಾಲಂ ಒಂದನ್ನು ತೆರೆದು, ಹೊಸಬರ ಆರ್ಡರುಗಳಿಂದ ಬೇರೆಯಾಗಿಯೇ ಲೆಕ್ಕ ಹಾಕಬೇಕು.